ಆ ಫೋಟೋದಲ್ಲಿರೋದು ನಾನಲ್ಲ

ಮದುವೆ ಪ್ರೊಫೈಲ್‌ಗೆ ಅಂತ ಹಾಸನದ ಸ್ಟುಡಿಯೋ ಒಂದರಲ್ಲಿ ತೆಗೆಸಿದ ಫೋಟೋ ನೋಡಿ ನನಗೇ ನನ್ನ ಗುರುತು ಸಿಗಲಿಲ್ಲ. ಬಣ್ಣ ಹಾಲಿನಂತೆ, ಕೆನ್ನೆಯ ಮಚ್ಚೆ ಮಾಯ! "ಸ್ವಲ್ಪ ಟಚಪ್ ಅಷ್ಟೇ ಮೇಡಂ." ಮೊಡವೆ ಅಳಿಸಿದರೆ ಸರಿ, ಅದು ವಾರದಲ್ಲಿ ಹೋಗುತ್ತದೆ. ಮಚ್ಚೆ ಹುಟ್ಟಿದಾಗಿನಿಂದ ಇದೆಯಲ್ಲ! ಆ ಫೋಟೋ ನೋಡಿ ಕಳೆದ ತಿಂಗಳು ಬಂದಿದ್ದ ಹುಡುಗನ ಅಮ್ಮ ಉಪ್ಪಿಟ್ಟು ಬಿಟ್ಟು ನನ್ನ ಕೆನ್ನೆಯನ್ನೇ ನೋಡುತ್ತಿದ್ದರು.

ಸರಿ, ಸೆಲ್ಫಿ ತೆಗೆದೆ. ಮೂಗು ಬದನೆಕಾಯಿ. ಅಷ್ಟು ಹತ್ತಿರದಿಂದ ತೆಗೆದರೆ ಕಿವಿಗಿಂತ ಮೂಗೇ ಕ್ಯಾಮೆರಾಗೆ ಸಮೀಪ, ಅದಕ್ಕೇ ಉಬ್ಬಿ ಕಾಣುತ್ತದೆ. ಸಾಲದ್ದಕ್ಕೆ ಬ್ಯೂಟಿ ಮೋಡ್ ಬೇರೆ ಆನ್ ಆಗಿತ್ತು. ಕೊನೆಗೆ ತಮ್ಮನನ್ನು ಆರಡಿ ದೂರ ನಿಲ್ಲಿಸಿದೆ. ಹಿಂದಿನ ಕ್ಯಾಮೆರಾ, 2x ಜೂಮ್, ನನ್ನ ಮುಖ ಬಾಗಿಲ ಬೆಳಕಿನ ಕಡೆಗೆ. ಮೂಗು, ಮಚ್ಚೆ ಎರಡೂ ಇದ್ದ ಹಾಗೇ ಬಂದವು. ಕನ್ನಡಕ ತೆಗೆಯಲಿಲ್ಲ, ದಿನಾ ಹಾಕೋದೇ ಅಲ್ವಾ? ನಿಂತಿರುವ ಪೂರ್ತಿ ಫೋಟೋ ಕೂಡ ಒಂದು ತೆಗೆಸಿದೆ.

ಅಮ್ಮನಿಗೆ ಮಾತ್ರ ಸ್ಟುಡಿಯೋದ್ದೇ ಇಷ್ಟ. "ಇದರಲ್ಲಿ ಎಷ್ಟು ಚೆನ್ನಾಗಿ ಕಾಣ್ತೀಯ ಕಣೇ!" ಯಾರು ಕಾಣೋದು ಅಂತ ಕೇಳಿದ್ದಕ್ಕೆ ಎರಡು ದಿನ ಮಾತಿಲ್ಲ.