ಕೈಯಲ್ಲಿ ಬಣ್ಣ ಬಳಿದ ಗ್ಯಾಂಟ್ ಚಾರ್ಟ್ ದಯವಿಟ್ಟು ಕಳಿಸಬೇಡಿ

ಬೆಳಗ್ಗೆಯಿಂದ ಸಿಟ್ಟು ಇಳಿದಿಲ್ಲ. ಇಲ್ಲಿ ಬರೆದಾದರೂ ಹಗುರಾಗುತ್ತೇನೆ.

ಇವತ್ತಿನ ಮೀಟಿಂಗ್‌ನಲ್ಲಿ ಒಂದು ಗ್ಯಾಂಟ್ ಚಾರ್ಟ್ ತೋರಿಸಿದರು. ಎಡಗಡೆ ಕೆಲಸಗಳ ಪಟ್ಟಿ, ಬಲಗಡೆ ದಿನಕ್ಕೊಂದು ಸೆಲ್, ಸೆಲ್‌ಗಳಿಗೆ ನೀಲಿ ಬಣ್ಣ. ಎರಡನೇ ಕೆಲಸದ ತಾರೀಕನ್ನು ಹೋದ ವಾರವೇ ಮುಂದಕ್ಕೆ ಹಾಕಿದ್ದರು. ಪಟ್ಟಿಯಲ್ಲಿ ಹೊಸ ತಾರೀಕು ಇತ್ತು. ನೀಲಿ ಪಟ್ಟೆ ಮಾತ್ರ ಹಳೇ ಜಾಗದಲ್ಲೇ ಕೂತಿತ್ತು. ಯಾಕೆಂದರೆ ಆ ಬಣ್ಣವನ್ನು ಕೈಯಲ್ಲಿ ತುಂಬಿದ್ದರು. ಎಲ್ಲರೂ ನೋಡಿದ್ದು ಬಣ್ಣವನ್ನು, ತಾರೀಕನ್ನಲ್ಲ. ಆ ಬಣ್ಣ ನೋಡಿಯೇ ಮುಂದಿನ ಕೆಲಸಕ್ಕೆ ದಿನ ಗೊತ್ತು ಮಾಡಿದರು!

ನಾನು ಎಷ್ಟು ವರ್ಷದಿಂದ ಇಂಥ ಶೀಟುಗಳ ಜೊತೆ ಏಗುತ್ತಿದ್ದೇನೆ ಅಂತ ನಿಮಗೆ ಗೊತ್ತೇ ಇದೆ. ಪ್ರತಿ ಸಲ ಇದೇ ಕಥೆ. ಬಣ್ಣ ತಾರೀಕಿನಿಂದ ಹುಟ್ಟಬೇಕು. ಕೈಯಿಂದಲ್ಲ.

ಮೀಟಿಂಗ್‌ನಲ್ಲಿ ಒಬ್ಬರು ಹೇಳಿದರು, "ಹೆನ್ರಿ ಗ್ಯಾಂಟ್ ಕೂಡ ನೂರು ವರ್ಷದ ಹಿಂದೆ ಕಾಗದದ ಮೇಲೆ ಕೈಯಲ್ಲೇ ಗೆರೆ ಎಳೆದಿದ್ದಲ್ವಾ?" ಹೌದು, ಎಳೆದಿದ್ದರು. ಆದರೆ ಅವರ ಚಾರ್ಟಿನ ಜೀವ ಇದ್ದದ್ದು ಯೋಜನೆಯ ಪಕ್ಕದಲ್ಲೇ ಆದ ಕೆಲಸವನ್ನೂ ತೋರಿಸುವುದರಲ್ಲಿ. ಕಾಗದಕ್ಕೆ ಲೆಕ್ಕ ಮಾಡಲು ಬರುತ್ತಿರಲಿಲ್ಲ. ನಮ್ಮ ಸ್ಪ್ರೆಡ್‌ಶೀಟ್‌ಗೆ ಬರುತ್ತದೆ. ಲೆಕ್ಕ ಬರುವ ಸಾಧನವನ್ನು ಡ್ರಾಯಿಂಗ್ ಹಾಳೆ ಥರ ಯಾಕೆ ಬಳಸಬೇಕು?

ಒಂದು ಚಿಕ್ಕ ಕೈಪಿಡಿ ಅಚ್ಚು ಹಾಕಿಸುವ ಕೆಲಸ ತೆಗೆದುಕೊಳ್ಳಿ. ಬರವಣಿಗೆಗೆ 10 ಕೆಲಸದ ದಿನ. ಕರಡು ತಿದ್ದಲು 5 ದಿನ. ಆಮೇಲೆ "ಮುದ್ರಣಕ್ಕೆ ಒಪ್ಪಿಗೆ" ಅನ್ನುವ ಮೈಲ್‌ಸ್ಟೋನ್. A ಕಾಲಂನಲ್ಲಿ ಕೆಲಸದ ಹೆಸರು, B ಯಲ್ಲಿ ಶುರುವಾಗುವ ದಿನ, C ಯಲ್ಲಿ ಎಷ್ಟು ದಿನ, D ಯಲ್ಲಿ ಮುಗಿಯುವ ದಿನ, E ಯಲ್ಲಿ ಎಷ್ಟು ಶೇಕಡಾ ಆಗಿದೆ ಅನ್ನುವುದು. G3 ಯಿಂದ ಬಲಕ್ಕೆ ದಿನಕ್ಕೊಂದು ತಾರೀಕು. ಕೆಲಸಗಳು 4ನೇ ಸಾಲಿನಿಂದ ಶುರು.

ಮುಗಿಯುವ ದಿನವನ್ನು ಟೈಪ್ ಮಾಡಬೇಡಿ. D4 ಗೆ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=IF(C4=0,B4,WORKDAY(B4-1,C4))
```

ಒಂದು ದಿನ ಕಳೆಯುವುದಕ್ಕೆ ಕಾರಣ ಇದೆ. WORKDAY ಕೊಟ್ಟ ದಿನವನ್ನು ಬಿಟ್ಟು ಮಾರನೇ ದಿನದಿಂದ ಎಣಿಸುತ್ತದೆ. ನಮಗೆ ಶುರುವಾದ ದಿನವೂ ಲೆಕ್ಕಕ್ಕೆ ಬೇಕು. 2025ರ ಜೂನ್ 2, ಸೋಮವಾರ ಬರವಣಿಗೆ ಶುರುವಾದರೆ 10 ದಿನಕ್ಕೆ ಜೂನ್ 13, ಶುಕ್ರವಾರ ಬರುತ್ತದೆ. ಶನಿವಾರ, ಭಾನುವಾರ ತಾನೇ ಬಿಟ್ಟುಹೋಗುತ್ತವೆ. ಮುಂದಿನ ಕೆಲಸದ ಶುರುವಿಗೆ B5 ಯಲ್ಲಿ =WORKDAY(D4,1). ಮೈಲ್‌ಸ್ಟೋನ್‌ನ ದಿನಕ್ಕೆ B6 ಯಲ್ಲಿ =D5. ಬರವಣಿಗೆ 10 ರ ಬದಲು 13 ದಿನ ಹಿಡಿಯುತ್ತದೆ ಅಂತ C4 ಅನ್ನು ಬದಲಿಸಿ ನೋಡಿ. ಬರವಣಿಗೆ ಜೂನ್ 18ಕ್ಕೆ ಮುಗಿಯುತ್ತದೆ, ಒಪ್ಪಿಗೆ ಜೂನ್ 20 ರಿಂದ 25ಕ್ಕೆ ಹೋಗುತ್ತದೆ. ಬೇರೇನನ್ನೂ ಮುಟ್ಟಬೇಕಿಲ್ಲ.

ಮೈಲ್‌ಸ್ಟೋನ್‌ಗೆ C ಯಲ್ಲಿ 0 ಹಾಕಿ. ಸುಮಾರು ಜನ 1 ಹಾಕಿ, ಹಿಂದಿನ ಕೆಲಸದ ಮಾರನೇ ದಿನಕ್ಕೆ ಇಡುತ್ತಾರೆ. ಹಾಗೆ ಐದು ಮೈಲ್‌ಸ್ಟೋನ್ ಇದ್ದರೆ ಯಾರೂ ಮಾಡದ ಕೆಲಸಕ್ಕೆ ಒಂದು ವಾರ ಹೋಯಿತು. ವಜ್ರದ ಗುರುತು ಬೇಕೆಂದರೆ ತಾರೀಕಿನ ಸೆಲ್‌ಗಳಿಗೆಲ್ಲ ಇದನ್ನು ತುಂಬಿ:

```
=IF(AND($C4=0,G$3=$B4),"◆","")
```

ಇನ್ನು ಬಣ್ಣ. G4 ಯಿಂದ ಪೂರ್ತಿ ಜಾಗ ಆಯ್ದುಕೊಂಡು ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಮೂರು ನಿಯಮ ಕೊಡಿ. ಮೊದಲನೆಯದು ರಜೆಯ ವಾರಾಂತ್ಯಕ್ಕೆ ಬೂದು, ಎರಡನೆಯದು ಆದ ಕೆಲಸಕ್ಕೆ ಗಾಢ ನೀಲಿ, ಮೂರನೆಯದು ಪೂರ್ತಿ ಪಟ್ಟೆಗೆ ತಿಳಿ ನೀಲಿ:

```
=WEEKDAY(G$3,2)>5
=AND(G$3>=$B4,G$3<=$F4)
=AND($C4>0,G$3>=$B4,G$3<=$D4)
```

ಈ ಕ್ರಮದಲ್ಲೇ ಇರಬೇಕು, ಮೇಲಿನ ನಿಯಮವೇ ಗೆಲ್ಲುತ್ತದೆ. ಎಕ್ಸೆಲ್‌ನಲ್ಲಿ ಹೊಸ ನಿಯಮ ತಾನಾಗಿ ಮೇಲೆ ಹೋಗಿ ಕೂರುತ್ತದೆ. ತಿಳಿ ನೀಲಿಯನ್ನು ಕೊನೆಗೆ ಬರೆದರೆ ಅದು ಗಾಢ ನೀಲಿಯನ್ನು ಮುಚ್ಚಿಬಿಡುತ್ತದೆ, ಕೆಲಸವೇ ಆಗಿಲ್ಲ ಅನ್ನಿಸುತ್ತದೆ. ಬಣ್ಣ ಎಲ್ಲೆಲ್ಲೋ ಚೆಲ್ಲಿದ ಹಾಗೆ ಬಂದರೆ ಡಾಲರ್ ಚಿಹ್ನೆ ನೋಡಿ, ಎಲ್ಲೋ ಒಂದು ಬಿಟ್ಟುಹೋಗಿರುತ್ತದೆ.

F ಕಾಲಂ ಬಗ್ಗೆ ಹೇಳಲಿಲ್ಲ ಅಲ್ವಾ? ಜಾಸ್ತಿ ತಪ್ಪಾಗುವುದು ಅಲ್ಲೇ. ಕೆಲಸ ಯಾವ ದಿನದವರೆಗೆ ಆದಂತೆ ಅನ್ನುವುದು F. ತುಂಬ ಜನ =B4+(D4-B4)*E4 ಅಂತ ಬರೆಯುತ್ತಾರೆ. ಶೇಕಡಾ 0 ಹಾಕಿ ನೋಡಿ. F4 ಗೆ B4 ಯ ತಾರೀಕೇ ಬರುತ್ತದೆ, ಮೊದಲ ದಿನದ ಸೆಲ್ ಗಾಢವಾಗುತ್ತದೆ. ಇನ್ನೂ ಮುಟ್ಟದ ಕೆಲಸಕ್ಕೆ ಒಂದು ದಿನದ ಸಾಧನೆ! ಜೊತೆಗೆ ವಾರಾಂತ್ಯವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಸರಿಯಾದದ್ದು ಇದು:

```
=WORKDAY(B4-1,ROUNDDOWN(C4*E4,0))
```

0 ಇದ್ದಾಗ ಇದು ಶುರುವಿಗಿಂತ ಹಿಂದಿನ ದಿನ ಕೊಡುತ್ತದೆ, ಒಂದು ಸೆಲ್ಲೂ ಗಾಢವಾಗುವುದಿಲ್ಲ. ROUND ಬೇಡ, ROUNDDOWN ಬೇಕು. 5 ದಿನದ ಕೆಲಸ 90% ಆಗಿದ್ದರೆ ROUND ಅದನ್ನು 5 ದಿನ ಮಾಡಿ ಪಟ್ಟೆ ಪೂರ್ತಿ ತುಂಬಿಸುತ್ತದೆ. ಕೊನೆಯ ಹತ್ತು ಶೇಕಡಾ ಎಷ್ಟು ಸತಾಯಿಸುತ್ತದೆ ಅಂತ ಕೆಲಸ ಮಾಡಿದವರಿಗೆಲ್ಲ ಗೊತ್ತು.

ಇಷ್ಟು ಮಾಡಿಯೂ ನಾನೇ ಒಮ್ಮೆ ತಪ್ಪು ಮಾಹಿತಿ ಕಳಿಸಿದ್ದೇನೆ. ಅದನ್ನು ಹೇಳಲೇಬೇಕು. ಇದೇ ಕೈಪಿಡಿಯ ಲೆಕ್ಕದಲ್ಲಿ ಹೇಳುತ್ತೇನೆ. ಜೂನ್ 11ರ ಸಂಜೆ ಅಂದುಕೊಳ್ಳಿ. ಎಂಟು ಕೆಲಸದ ದಿನ ಕಳೆದಿವೆ. ಬರವಣಿಗೆ 70%, ಅಂದರೆ ಏಳು ದಿನದ ಕೆಲಸ. ಗಾಢ ನೀಲಿ ಜೂನ್ 10ಕ್ಕೆ ನಿಂತಿದೆ, ಒಂದು ದಿನ ಹಿಂದೆ ಬಿದ್ದಿದ್ದೇವೆ. ಅಷ್ಟರಲ್ಲಿ ಇನ್ನೊಂದು ಅಧ್ಯಾಯ ಸೇರಿತು, 10 ದಿನವನ್ನು 13 ಮಾಡಿದೆವು. 70% ಹಾಗೇ ಬಿಟ್ಟೆವು. ಈಗ 13 ರಲ್ಲಿ 70% ಅಂದರೆ ಒಂಬತ್ತು ದಿನ. ಗಾಢ ನೀಲಿ ಜೂನ್ 12ಕ್ಕೆ ಹಾರಿತು. ಕೆಲಸ ಮೂರು ದಿನ ಹೆಚ್ಚಾಗಿದೆ, ಚಾರ್ಟ್ ಮಾತ್ರ ನಾವು ಒಂದು ದಿನ ಮುಂದಿದ್ದೇವೆ ಅನ್ನುತ್ತಿದೆ! ನಾನು ಅದನ್ನು ಗಮನಿಸದೆ ಹಾಗೇ ಕಳಿಸಿದ್ದೆ. ಆ ಬೇಸರ ಇನ್ನೂ ಹೋಗಿಲ್ಲ. ದಿನ ಬದಲಿಸಿದಾಗ ಶೇಕಡಾವನ್ನೂ ಮತ್ತೆ ಲೆಕ್ಕ ಹಾಕಬೇಕು. ಇಲ್ಲಿ 13 ರಲ್ಲಿ 7, ಅಂದರೆ ಸುಮಾರು 54%. ಈ ಒಂದನ್ನು ಯಾವ ನಿಯಮವೂ ನಿಮ್ಮ ಪರವಾಗಿ ಮಾಡಿಕೊಡುವುದಿಲ್ಲ.

"ಹತ್ತು ಸಾಲಿನ ಪಟ್ಟಿಗೆ ಇಷ್ಟೆಲ್ಲ ಯಾಕೆ, ಸುಮ್ನೆ ಬಣ್ಣ ತುಂಬಿದರೆ ಆಯ್ತು" ಅನ್ನುವವರೂ ಇದ್ದಾರೆ. ಇವತ್ತು ನಾನು ನೋಡಿದ ಶೀಟ್‌ನಲ್ಲಿ ಇದ್ದದ್ದು ಏಳೇ ಸಾಲು.

ಮಧ್ಯಾಹ್ನ ಕೂತು ಅದರ ಕೈಬಣ್ಣವನ್ನೆಲ್ಲ ಅಳಿಸಿ ಈ ಮೂರು ನಿಯಮ ಹಾಕಿದೆ. ಎರಡನೇ ಸಾಲಿನ ಪಟ್ಟೆ ತಾನಾಗಿ ಹೊಸ ತಾರೀಕಿಗೆ ಸರಿಯಿತು. ಎಲ್ಲರಿಗೂ ಕಳಿಸಿದ್ದೇನೆ. ಬೆಳಗ್ಗೆ ಗೊತ್ತು ಮಾಡಿದ ದಿನವನ್ನು ನಾಳೆ ಮತ್ತೆ ಗೊತ್ತು ಮಾಡಬೇಕು.