ಆಲ್ಟ್ ಟೆಕ್ಸ್ಟ್‌ಗೆ 125 ಅಕ್ಷರದ ಮಿತಿ ಇಲ್ಲ

ಚಿತ್ರದಲ್ಲಿ ಏನಿದೆ ಅಂತ ಕಣ್ಣು ಕಾಣದವರಿಗೆ ತಿಳಿಸಲು ಚಿತ್ರದ ಜೊತೆ ಸೇರಿಸುವ ವಿವರಣೆಯೇ ಆಲ್ಟ್ ಟೆಕ್ಸ್ಟ್. ಪರದೆಯ ಮೇಲಿರುವುದನ್ನು ಅವರಿಗೆ ಓದಿ ಹೇಳುವ ಸಾಫ್ಟ್‌ವೇರೇ ಸ್ಕ್ರೀನ್ ರೀಡರ್. ಇವುಗಳ ಬಗ್ಗೆ ಒಂದು ಮೆಸೇಜ್ ಹರಿದಾಡುತ್ತಿದೆ: "ಫೋಟೊದ ಆಲ್ಟ್ ಟೆಕ್ಸ್ಟ್ 125 ಅಕ್ಷರ ದಾಟಿದರೆ ಸ್ಕ್ರೀನ್ ರೀಡರ್ ಉಳಿದದ್ದನ್ನು ಓದಲ್ಲ. ಎರಡು ಪದ ಸಾಕು."

ಇದು ತಪ್ಪು. ವೆಬ್ ಮಾರ್ಗಸೂಚಿ ಡಬ್ಲ್ಯುಸಿಎಜಿಯಲ್ಲಿ ಇಂಥ ಮಿತಿ ಇಲ್ಲ. ಜಾಸ್ ಎಂಬ ಸ್ಕ್ರೀನ್ ರೀಡರ್ ಉದ್ದದ ಪಠ್ಯವನ್ನು ಸುಮಾರು 125 ಅಕ್ಷರದ ತುಂಡು ಮಾಡಿ ಓದುತ್ತಿತ್ತು, ಅಷ್ಟೆ. ಉಳಿದದ್ದನ್ನು ಬಿಡುತ್ತಿರಲಿಲ್ಲ.

ಜಂಬೂಸವಾರಿಯ ಫೋಟೊಗೆ ಸುಮ್ನೆ "ಮೈಸೂರು ದಸರಾ" ಅಂತ ಬರೆದರೆ ಕಣ್ಣು ಕಾಣದವರಿಗೆ ಏನು ತಿಳಿಯುತ್ತೆ? ಹೀಗೆ ಬರೆಯಿರಿ: "ಚಿನ್ನದ ಅಂಬಾರಿ ಹೊತ್ತ ಆನೆ ಅರಮನೆ ಮುಂದೆ ನಡೆಯುತ್ತಿದೆ. ಅಂಬಾರಿಯಲ್ಲಿ ಚಾಮುಂಡೇಶ್ವರಿಯ ವಿಗ್ರಹ. ಎರಡೂ ಪಕ್ಕ ಕುಮ್ಕಿ ಆನೆಗಳು. ಹಿಂದೆ ಕಿಕ್ಕಿರಿದ ಜನ." ಮುಖ್ಯವಾದದ್ದು ಮೊದಲು ಬರಲಿ. ಬೇಡವಾದವರು ಅಲ್ಲೇ ಮುಂದೆ ಹೋಗಬಹುದು, ಅಲ್ವಾ? "ಫೋಟೊದಲ್ಲಿ" ಅನ್ನೋದು ಬೇಡ, ಅದು ಚಿತ್ರ ಅಂತ ಸ್ಕ್ರೀನ್ ರೀಡರೇ ಹೇಳುತ್ತೆ. ಇನ್ನೂ ಜಾಸ್ತಿ ವಿವರ ಇದ್ದರೆ ಫೋಟೊ ಕೆಳಗಿನ ಬರಹದಲ್ಲಿ ಕೊಡಿ.

ಆ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.