ಪುಣೆಯಲ್ಲಿ ಬಾಡಿಗೆ ಮನೆ: ಮೊದಲು ಕರಾರು, ಆಮೇಲೆ ಎನ್‌ಒಸಿ

ಬೆಂಗಳೂರಿನಿಂದ ಪುಣೆಗೆ ಬಂದು ನೆಲೆಸಿದ ಮೇಲೆ ನನಗೆ ಎದ್ದು ಕಂಡ ವ್ಯತ್ಯಾಸವೆಂದರೆ ಬಾಡಿಗೆ ಕರಾರಿಗೆ ಇಲ್ಲಿ ಇರುವ ತೂಕ. ನಮ್ಮಲ್ಲಿ ಹನ್ನೊಂದು ತಿಂಗಳ ಕರಾರನ್ನು ಸ್ಟ್ಯಾಂಪ್ ಪೇಪರಿನಲ್ಲಿ ಬರೆದು, ಇಬ್ಬರೂ ಸಹಿ ಹಾಕಿದರೆ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ. ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮಿನ ಪ್ರಕಾರ ಅವಧಿ ಎಷ್ಟೇ ಇರಲಿ, ಕರಾರನ್ನು ನೋಂದಾಯಿಸಲೇಬೇಕು. ಆ ಹೊಣೆ ಮನೆ ಮಾಲೀಕರದು.

ತಿಂಗಳಿಗೆ 25,000 ರೂಪಾಯಿ ಬಾಡಿಗೆ, ಒಂದು ಲಕ್ಷ ಠೇವಣಿ, ಹನ್ನೊಂದು ತಿಂಗಳ ಅವಧಿ ಎಂದಿಟ್ಟುಕೊಳ್ಳಿ. ಒಟ್ಟು ಬಾಡಿಗೆಗೆ ಠೇವಣಿಯ ಮೇಲಿನ ವಾರ್ಷಿಕ ಶೇ. 10 ಬಡ್ಡಿಯನ್ನು ಸೇರಿಸಿ, ಆ ಮೊತ್ತದ ಶೇ. 0.25ರಷ್ಟು ಮುದ್ರಾಂಕ ಶುಲ್ಕ ಕಟ್ಟಬೇಕು. ಅದು ಸುಮಾರು 700 ರೂಪಾಯಿ ಆಗುತ್ತದೆ. ನಗರದಲ್ಲಿ ನೋಂದಣಿ ಶುಲ್ಕ 1,000 ರೂಪಾಯಿ. ಏಜೆಂಟ್ ಮನೆಗೇ ಯಂತ್ರ ತಂದು ಹೆಬ್ಬೆಟ್ಟು ಒತ್ತಿಸಿ, ಫೋಟೋ ತೆಗೆದುಕೊಂಡು ಹೋಗುತ್ತಾರೆ.

ನೋಂದಾಯಿತ ಕರಾರಿನ ಮಹತ್ವ ತಿಳಿಯುವುದು ಮುಂದಿನ ಹಂತದಲ್ಲಿ. ಮಾಲೀಕರು ಪೊಲೀಸರ ಜಾಲತಾಣದಲ್ಲಿ ಬಾಡಿಗೆದಾರರ ವಿವರ ಸಲ್ಲಿಸುವಾಗ ಕರಾರಿನ ದಿನಾಂಕ, ವಿಳಾಸ, ಹೆಸರುಗಳನ್ನೇ ಅಲ್ಲಿಯೂ ತುಂಬಬೇಕು. ಕರಾರಿನಲ್ಲಿ ಗಂಡನ ಹೆಸರು ಮಾತ್ರ ಇದ್ದು, ಜೊತೆಗೆ ವಾಸಿಸುವ ಹೆಂಡತಿ ಮತ್ತು ಅತ್ತೆಯ ಹೆಸರು ಬಿಟ್ಟುಹೋಗಿದ್ದರೆ ವಸತಿ ಸೊಸೈಟಿಯ ಕಚೇರಿಯಲ್ಲಿ ತಕರಾರು ಏಳುತ್ತದೆ. ಆದ್ದರಿಂದ ವಾಸಿಸುವವರೆಲ್ಲರ ಹೆಸರನ್ನು ಆಧಾರ್‌ನಲ್ಲಿರುವಂತೆಯೇ ಬರೆಸುವುದು ಒಳ್ಳೆಯದು.

ತಮ್ಮ ಆಕ್ಷೇಪಣೆ ಇಲ್ಲವೆಂಬ ಪತ್ರ, ಅಂದರೆ ಎನ್‌ಒಸಿ, ಇಲ್ಲದೆ ಸಾಮಾನಿನ ಲಾರಿಯನ್ನು ಗೇಟಿನೊಳಗೆ ಬಿಡುವುದಿಲ್ಲ ಎಂದು ಹಲವು ಸೊಸೈಟಿಗಳು ಹೇಳುತ್ತವೆ. ಆದರೆ ರಾಜ್ಯದ ಸಹಕಾರಿ ವಸತಿ ಸೊಸೈಟಿಗಳ 2014ರ ಮಾದರಿ ಉಪವಿಧಿಗಳ ಪ್ರಕಾರ ಮನೆ ಬಾಡಿಗೆಗೆ ಕೊಡಲು ಸೊಸೈಟಿಯ ಅನುಮತಿ ಬೇಕಿಲ್ಲ. ಎಂಟು ದಿನ ಮುಂಚಿತವಾಗಿ ತಿಳಿಸಿ, ಕರಾರಿನ ಮತ್ತು ಪೊಲೀಸರಿಗೆ ಸಲ್ಲಿಸಿದ ಮಾಹಿತಿಯ ಪ್ರತಿಗಳನ್ನು ಕೊಟ್ಟರೆ ಸಾಕು. ಅವಿವಾಹಿತರೆಂಬ ಕಾರಣಕ್ಕೆ ಎನ್‌ಒಸಿ ತಡೆಹಿಡಿಯುವುದು ನನಗೆ ತೀರ ಅನ್ಯಾಯವಾಗಿ ಕಾಣುತ್ತದೆ. ಸೊಸೈಟಿಗೆ ಸಿಗಬೇಕಾದ ಹಣಕ್ಕೂ ಮಿತಿಯಿದೆ: 2001ರ ಸರ್ಕಾರಿ ಆದೇಶದಂತೆ, ಮಾಲೀಕರು ತಾವೇ ವಾಸಿಸದ ಮನೆಗೆ ಹಾಕುವ ನಾನ್ ಆಕ್ಯುಪೆನ್ಸಿ ಶುಲ್ಕ ಸೇವಾ ಶುಲ್ಕದ ಶೇ. 10ನ್ನು ಮೀರುವಂತಿಲ್ಲ. ಸೇವಾ ಶುಲ್ಕ 3,000 ಇದ್ದರೆ 300 ರೂಪಾಯಿ, ಅದನ್ನೂ ಸೊಸೈಟಿ ಕೇಳಬೇಕಾದದ್ದು ತನ್ನ ಸದಸ್ಯರಾದ ಮಾಲೀಕರನ್ನು.

ಬೆಂಗಳೂರಿನ ಅಸೋಸಿಯೇಷನ್‌ಗಳು ಒಂದು ಅರ್ಜಿ ತುಂಬಿಸಿ ಒಳಗೆ ಬಿಡುವ ಸಲೀಸನ್ನು ನಾನು ಈಗಲೂ ಮೆಚ್ಚುತ್ತೇನೆ. ಆದರೂ ಶುಲ್ಕಕ್ಕೊಂದು ಮೇಲ್ಮಿತಿ ಮತ್ತು ಮಾಲೀಕರ ಹೊಣೆಯ ಸ್ಪಷ್ಟತೆ ನಮ್ಮ ರಾಜ್ಯಕ್ಕೂ ಬೇಕು. ಪುಣೆಗೆ ಬರುವ ಕನ್ನಡಿಗರು ಲಾರಿ ಗೊತ್ತುಮಾಡುವ ಮೊದಲೇ ಮಾಲೀಕರಿಂದ ಎರಡು ಪ್ರತಿಗಳನ್ನು ಕೇಳಿ ಇಟ್ಟುಕೊಳ್ಳಲಿ: ನೋಂದಣಿ ಸಂಖ್ಯೆಯಿರುವ ಕರಾರು, ಮತ್ತು ಕಾರ್ಯದರ್ಶಿಯವರು ದಿನಾಂಕ ಬರೆದು ಮೊಹರು ಒತ್ತಿದ ಸೊಸೈಟಿಯ ಸ್ವೀಕೃತಿ.